ಬೆಲ್ಲದ ಪಾಕ, ಜಾಮ್, ಜ್ಯೂಸ್‌ನಲ್ಲಿ ಗುಳ್ಳೆ ಬಂದರೆ ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಕಡೆ ಮನೆಯಲ್ಲೇ ಬೆಲ್ಲದ ಪಾಕ, ಜಾಮ್ ಮಾಡಿ ಮಾರುವ ಹೆಣ್ಣುಮಕ್ಕಳ ಗುಂಪುಗಳಿಗೆ ನಾನು ಹದ, ತೂಕ, ಬಾಟಲಿ ತುಂಬುವುದು ಇವನ್ನೆಲ್ಲ ಹೇಳಿಕೊಡುತ್ತೇನೆ. ಬೇಸಿಗೆ ಬಂತೆಂದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಪಾಕದಲ್ಲಿ ಗುಳ್ಳೆ ಬರ್ತಿದೆ, ಏನು ಮಾಡಲಿ?" ಅವರಿಗೆಲ್ಲ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಬೆಲ್ಲದ ಪಾಕದ ವಿಷಯ ಜಾಸ್ತಿ ಇದೆ. ಯಾಕೆಂದರೆ ನಮ್ಮಲ್ಲಿ ಹೆಚ್ಚಾಗಿ ಹುಳಿತು ಹಾಳಾಗುವುದು ಅದೇ.

ಗುಳ್ಳೆ ಕಂಡ ಕೂಡಲೇ ಕೆಟ್ಟಿದೆ ಅಂತ ತಿಳಿಯಬೇಕಾ?

ಬೇಡ. ಗುಳ್ಳೆಯಲ್ಲಿ ಎರಡು ಥರ ಇದೆ.

ಪಾಕ ಅಥವಾ ಜಾಮ್ ದಪ್ಪಗಿರುತ್ತದೆ ಅಲ್ವಾ, ಬಾಟಲಿಗೆ ಸುರಿಯುವಾಗ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಆ ಗಾಳಿಗುಳ್ಳೆ ಸಿಕ್ಕಿಕೊಂಡ ಜಾಗದಲ್ಲೇ ವಾರಗಟ್ಟಲೆ ಇರಬಹುದು. ಅದರ ಸಂಖ್ಯೆ ಹೆಚ್ಚುವುದಿಲ್ಲ, ವಾಸನೆ ಬದಲಾಗುವುದಿಲ್ಲ. ಅಂಥದ್ದನ್ನು ಧೈರ್ಯವಾಗಿ ತಿನ್ನಬಹುದು.

ಇನ್ನೊಂದು ಹುಳಿತ ಗುಳ್ಳೆ. ಯೀಸ್ಟ್ ಅನ್ನುವ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಅನಿಲ ಬಿಡುತ್ತದೆ. ಆ ಅನಿಲವೇ ಗುಳ್ಳೆ. ಇದು ಒಂದು ಕಡೆ ನಿಲ್ಲುವುದಿಲ್ಲ. ಕೆಳಗಿನಿಂದ ಏಳುತ್ತದೆ, ಮೇಲೆ ಸೇರಿ ನೊರೆಯಾಗುತ್ತದೆ, ಇವತ್ತಿಗಿಂತ ನಾಳೆ ಜಾಸ್ತಿ ಇರುತ್ತದೆ. ಜಾಮ್, ಪಾಕದಲ್ಲಿ ಇದು ಬಂದರೆ ಪದಾರ್ಥ ಕೆಟ್ಟಿದೆ ಅಂತಲೇ ಲೆಕ್ಕ.

ಎರಡರಲ್ಲಿ ಯಾವುದು ಅಂತ ಮನೆಯಲ್ಲೇ ಹೇಗೆ ತಿಳಿಯುವುದು?

ಒಂದು ಮಾರ್ಕರ್ ಪೆನ್ ಸಾಕು. ಬಾಟಲಿಯ ಹೊರಗೆ, ಒಳಗಿನ ಎರಡು ಮೂರು ಗುಳ್ಳೆಗಳ ಸುತ್ತ ಗುರುತು ಹಾಕಿ. ಪಾಕದ ಮಟ್ಟಕ್ಕೂ ಒಂದು ಗೆರೆ ಎಳೆಯಿರಿ. ಮುಚ್ಚಳವನ್ನು ಸ್ವಲ್ಪ ಸಡಿಲ ಮಾಡಿ ಅಡುಗೆಮನೆಯ ಮೂಲೆಯಲ್ಲಿ ಒಂದು ದಿನ ಬಿಡಿ. ಮರುದಿನ ಗುಳ್ಳೆ ಗುರುತಿನೊಳಗೇ ಇದ್ದರೆ ಅದು ಗಾಳಿ. ಗುಳ್ಳೆ ಜಾಗ ಬಿಟ್ಟು ಮೇಲೆ ಹೋಗಿ ಅಲ್ಲಿ ಹೊಸದು ಬಂದಿದ್ದರೆ, ಅಥವಾ ಮಟ್ಟ ಗೆರೆಗಿಂತ ಮೇಲೆ ಉಬ್ಬಿದ್ದರೆ, ಹುಳಿಯುತ್ತಿದೆ.

ನೊರೆಯಿಂದಲೂ ತಿಳಿಯುತ್ತದೆ. ಬಾಟಲಿಯ ಕುತ್ತಿಗೆಯಲ್ಲಿ ನೊರೆ ಬಳೆಯಂತೆ ಕೂತಿದ್ದರೆ ಒಣ ಚಮಚದಿಂದ ತೆಗೆದುಬಿಡಿ. ಸುರಿಯುವಾಗ ಬಂದ ನೊರೆ ಮತ್ತೆ ಬರುವುದಿಲ್ಲ. ಹುಳಿತ ನೊರೆ ಸಂಜೆ ಹೊತ್ತಿಗೆ ಮತ್ತೆ ಅಲ್ಲೇ ಕೂತಿರುತ್ತದೆ.

ಆಮೇಲೆ ಮೂಗು. ಮುಚ್ಚಳ ತೆಗೆದಾಗ "ಸುಂಯ್" ಅಂತ ಸದ್ದು ಬಂದು, ಹಿಂದೆಯೇ ಹೆಂಡದಂಥ, ಅಥವಾ ಬಣ್ಣಕ್ಕೆ ಹಾಕುವ ಥಿನ್ನರ್‌ನಂಥ ವಾಸನೆ ಬಂದರೆ ಬೇರೆ ಪರೀಕ್ಷೆ ಬೇಕಿಲ್ಲ. ದಯವಿಟ್ಟು ನೆಕ್ಕಿ ನೋಡಲು ಹೋಗಬೇಡಿ. ಕಣ್ಣು, ಕಿವಿ, ಮೂಗು ಇಷ್ಟರಲ್ಲೇ ಗೊತ್ತಾಗುತ್ತದೆ.

ಸಿಹಿ ಜಾಸ್ತಿ ಇದ್ದರೆ ಕೆಡುವುದಿಲ್ಲ ಅಂತಾರಲ್ಲ? ನಮ್ಮ ಪಾಕದಲ್ಲಿ ಬೆಲ್ಲ ಬಿಟ್ಟು ಬೇರೇನೂ ಇಲ್ಲ, ಆದರೂ ಯಾಕೆ ಹುಳಿತು?

ಮಾತು ಸರಿ, ಆದರೆ ಅರ್ಧ ಮಾತ್ರ. ಬೆಲ್ಲ, ಸಕ್ಕರೆ ತಾವಾಗಿ ಯಾವ ಸೂಕ್ಷ್ಮಜೀವಿಯನ್ನೂ ಕೊಲ್ಲುವುದಿಲ್ಲ. ಅವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಯೀಸ್ಟ್‌ಗೂ ಬದುಕಲು ನೀರು ಬೇಕು. ಎಲ್ಲ ನೀರನ್ನೂ ಸಕ್ಕರೆಯೇ ಹಿಡಿದುಕೊಂಡಿದ್ದರೆ ಯೀಸ್ಟ್‌ಗೆ ಸಿಗುವುದು ಕಡಿಮೆ, ಹಾಗಾಗಿ ಸುಮ್ನೆ ಬಿದ್ದಿರುತ್ತದೆ. ನೀರಿನ ಪಾಲು ಸ್ವಲ್ಪ ಹೆಚ್ಚಾದರೂ ಏಳುತ್ತದೆ.

ಗಟ್ಟಿ ಬೆಲ್ಲದಲ್ಲಿ ನೀರು ಬಹಳ ಕಡಿಮೆ. ಅದಕ್ಕೇ ಅದು ತಿಂಗಳುಗಟ್ಟಲೆ ಇರುತ್ತದೆ. ಅದನ್ನೇ ನೀರಿಗೆ ಹಾಕಿ ಕರಗಿಸಿದಾಗ ನೀವು ಯೀಸ್ಟ್‌ಗೆ ಬೇಕಾದ್ದನ್ನು ಕೈಯಾರೆ ಕೊಟ್ಟ ಹಾಗೆ. 100 ಗ್ರಾಂ ಪಾಕದಲ್ಲಿ ಸುಮಾರು 68 ಗ್ರಾಂ ಸಿಹಿ ಅಂಶ ಇದ್ದರೆ ಮಾಮೂಲಿ ಯೀಸ್ಟ್ ಏಳಲಾರದು. 60ಕ್ಕೆ ಇಳಿದರೆ ಏಳುತ್ತದೆ. ದಪ್ಪ ಸಿಹಿಯಲ್ಲೂ ನಿಧಾನವಾಗಿ ಬೆಳೆಯುವ ಕೆಲವು ಯೀಸ್ಟ್‌ಗಳಿವೆ. ಜಾಮ್, ಜೇನುತುಪ್ಪ, ಪಾಕ ಹಾಳುಮಾಡುವುದರಲ್ಲಿ ಹೆಸರಾದವು ಅವೇ. ಅದಕ್ಕೆ ಹದ ಒಂದನ್ನೇ ನಂಬಿ ಕೂರುವ ಹಾಗಿಲ್ಲ, ಬಾಟಲಿ ತುಂಬುವ ಕ್ರಮವೂ ಸರಿ ಇರಬೇಕು.

ನಮ್ಮ ಹವೆಯನ್ನೂ ಮರೆಯಬೇಡಿ. ಏಪ್ರಿಲ್, ಮೇನಲ್ಲಿ ಹೊರಗೆ 38 ಡಿಗ್ರಿ ಇದ್ದರೂ ಮನೆಯೊಳಗಿನ ಕಪಾಟಿನಲ್ಲಿ 30ರ ಆಸುಪಾಸು ಇರುತ್ತದೆ. ಯೀಸ್ಟ್‌ಗೆ ಇದು ಹೇಳಿ ಮಾಡಿಸಿದ ಬಿಸಿ.

ಹಾಗಾದರೆ ಪಾಕವನ್ನು ಎಷ್ಟು ಕಾಯಿಸಬೇಕು? ಒಂದು ಲೆಕ್ಕ ಹೇಳಿ.

ಹರಿಹರದ ಹತ್ತಿರದ ಒಂದು ಗುಂಪಿನಲ್ಲಿ ಆದದ್ದನ್ನೇ ಹೇಳುತ್ತೇನೆ. ಅಲ್ಲಿನ ಅಕ್ಕ ಒಬ್ಬರು 5 ಕೆಜಿ ಬೆಲ್ಲಕ್ಕೆ ಎರಡೂವರೆ ಲೀಟರ್ ನೀರು ಹಾಕಿ ಕರಗಿಸಿದ್ದರು. ಬಟ್ಟೆಯಲ್ಲಿ ಸೋಸಿ, ಕಸ ತೆಗೆದು, ಒಂದು ಕುದಿ ಬಂದ ಮೇಲೆ ಇಳಿಸಿದ್ದರು. ಬೆರಳಿಗೆ ಚೆನ್ನಾಗಿಯೇ ಅಂಟುತ್ತಿತ್ತಂತೆ. ತೂಗಿದರೆ 7 ಕೆಜಿ 300 ಗ್ರಾಂ ಪಾಕ. ಎರಡು ವಾರ ಕಳೆಯುವಷ್ಟರಲ್ಲಿ ಬಾಟಲಿಗಳ ಮುಚ್ಚಳ ಉಬ್ಬಿಕೊಂಡಿತ್ತು.

ಲೆಕ್ಕ ಹಾಕಿ ನೋಡೋಣ. ಬೆಲ್ಲದಲ್ಲೇ ನೂರಕ್ಕೆ ಏಳರಷ್ಟು ನೀರಿರುತ್ತದೆ ಅಂದುಕೊಳ್ಳಿ. ಅಂದರೆ 5 ಕೆಜಿ ಬೆಲ್ಲದಲ್ಲಿ ಗಟ್ಟಿ ಅಂಶ ಸುಮಾರು 4 ಕೆಜಿ 650 ಗ್ರಾಂ. ಅದು 7 ಕೆಜಿ 300 ಗ್ರಾಂ ಪಾಕದಲ್ಲಿ ಹರಡಿದೆ. ನೂರಕ್ಕೆ 64 ಕೂಡ ಆಗಲಿಲ್ಲ. ಅದೇ ಪಾಕ ಇನ್ನೂ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಇಂಗಿ 6 ಕೆಜಿ 750 ಗ್ರಾಂಗೆ ಬಂದಿದ್ದರೆ ನೂರಕ್ಕೆ 69 ಆಗುತ್ತಿತ್ತು. ನೋಡಲು, ಮುಟ್ಟಲು ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಬಿಸಿ ಇರುವಾಗ ಎಲ್ಲ ಪಾಕವೂ ನೀರಾಗಿಯೇ ಕಾಣುತ್ತದೆ, ಕಣ್ಣಳತೆ ಅಲ್ಲೇ ಮೋಸ ಹೋಗುತ್ತದೆ.

ಹಾಗಾಗಿ ನಾನು ಹೇಳುವುದು ತೂಕದ ಲೆಕ್ಕ: 1 ಕೆಜಿ ಬೆಲ್ಲಕ್ಕೆ ಕೊನೆಗೆ ಸಿಗುವ ಪಾಕ 1 ಕೆಜಿ 350 ಗ್ರಾಂ ಇರಬೇಕು. ಶುರು ಮಾಡುವ ಮೊದಲು ಖಾಲಿ ಪಾತ್ರೆಯನ್ನು ತೂಗಿ ಬರೆದಿಡಿ. ಕುದಿಯುವಾಗ ನಡುನಡುವೆ ಪಾತ್ರೆ ಸಮೇತ ಇಳಿಸಿ ತೂಗಿ. ಬೆಲ್ಲ ಕರಗಿಸಲು ಎಷ್ಟು ನೀರು ಹಾಕಿದಿರಿ ಅನ್ನುವುದು ಮುಖ್ಯ ಅಲ್ಲ. ಕೊನೆಗೆ ಎಷ್ಟು ಉಳಿಯಿತು ಅನ್ನುವುದೇ ಮುಖ್ಯ. ಮಳೆಗಾಲದಲ್ಲಿ ತೇವ ಕುಡಿದು ಮೆತ್ತಗಾದ ಬೆಲ್ಲವಾದರೆ ಇನ್ನೊಂದು 50 ಗ್ರಾಂ ಇಂಗಿಸಿ, 1 ಕೆಜಿ 300ಕ್ಕೆ ನಿಲ್ಲಿಸಿ.

ಪಾಕಕ್ಕೆ 105 ಡಿಗ್ರಿ ಬರಬೇಕು ಅಂತ ವಿಡಿಯೋದಲ್ಲಿ ಹೇಳ್ತಾರೆ. ಥರ್ಮಾಮೀಟರ್ ಇದ್ದರೆ ಸಾಕಲ್ವಾ?

ಸಾಕು, ಆದರೆ ಆ 105 ಸಮುದ್ರಮಟ್ಟದ ಊರಿನ ಲೆಕ್ಕ. ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಜಾಮ್, ಪಾಕದ ಹದ ಅದಕ್ಕಿಂತ ಸುಮಾರು 5 ಡಿಗ್ರಿ ಮೇಲೆ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಚಿತ್ರದುರ್ಗ 700 ಮೀಟರ್ ದಾಟುತ್ತದೆ. ನಮ್ಮಲ್ಲಿ ನೀರು 98ರ ಆಸುಪಾಸಿನಲ್ಲೇ ಕುದಿಯುತ್ತದೆ. ಅಂದರೆ ನಮ್ಮ ಹದ 103ರ ಹತ್ತಿರ. ಇಲ್ಲಿ 105ರವರೆಗೆ ಕಾಯಿಸಿದರೆ ಪಾಕ ಹುಳಿಯುವುದಿಲ್ಲ ನಿಜ, ಆದರೆ ತಣ್ಣಗಾದ ಮೇಲೆ ಹರಳು ಕಟ್ಟಬಹುದು. ಜಾಮ್ ಆದರೆ ಅಂಟಂಟಾಗಿ ಗಟ್ಟಿಯಾಗುತ್ತದೆ.

ಮೊದಲು ನಿಮ್ಮ ಥರ್ಮಾಮೀಟರ್‌ನಲ್ಲಿ ಬರೀ ನೀರು ಎಷ್ಟಕ್ಕೆ ಕುದಿಯುತ್ತದೆ ನೋಡಿ. ಅದಕ್ಕೆ 5 ಸೇರಿಸಿ. ಥರ್ಮಾಮೀಟರ್‌ನಲ್ಲೇ ಸಣ್ಣ ತಪ್ಪಿದ್ದರೂ ಈ ರೀತಿಯಲ್ಲಿ ಸರಿಹೋಗುತ್ತದೆ.

ದಾಳಿಂಬೆ, ದ್ರಾಕ್ಷಿ ಬೆಳೆಯುವವರು ಹಣ್ಣಿನ ಸಿಹಿ ನೋಡಲು ಬ್ರಿಕ್ಸ್ ಮೀಟರ್ ಇಟ್ಟುಕೊಳ್ಳುತ್ತಾರೆ. ಪಾಕಕ್ಕೆ ಅದನ್ನೇ ಬಳಸುವ ಮೊದಲು ಅದರ ಅಳತೆ ಎಲ್ಲಿಯವರೆಗೆ ಇದೆ ನೋಡಿಕೊಳ್ಳಿ. ಹಣ್ಣಿನದ್ದು ಸಾಮಾನ್ಯವಾಗಿ 32ಕ್ಕೇ ಮುಗಿಯುತ್ತದೆ. ಪಾಕಕ್ಕೆ 58ರಿಂದ 90ರವರೆಗೆ ತೋರಿಸುವ ಮೀಟರ್ ಬೇಕು. ಮಾರಾಟಕ್ಕೆ ಮಾಡುವವರು ಇದೊಂದನ್ನು ಕೊಳ್ಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಹದ ಸರಿಯಾಗಿಯೇ ಇತ್ತು, ತೂಕವೂ ನೋಡಿದ್ದೆ. ಆದರೂ ಮೇಲ್ಭಾಗದಲ್ಲಿ ಮಾತ್ರ ನೊರೆ ಬಂದಿದೆ. ಯಾಕೆ?

ಈ ಪ್ರಶ್ನೆ ಕೇಳಿದವರ ಬಾಟಲಿಯನ್ನು ನಾನು ಬೆಳಕಿಗೆ ಹಿಡಿದು ನೋಡಿದ್ದೇನೆ. ಕೆಳಗೆ ಮುಕ್ಕಾಲು ಬಾಟಲಿ ಪಾಕ ಸ್ವಚ್ಛವಾಗಿ, ದಪ್ಪಗೆ ಇತ್ತು. ಮೇಲಿನ ಅರ್ಧ ಬೆರಳು ಮಾತ್ರ ಬಣ್ಣ ತೆಳುವಾಗಿ, ಅದರ ಮೇಲೆ ಸಣ್ಣ ಸಣ್ಣ ಗುಳ್ಳೆಯ ಪದರ ಇತ್ತು. ಮುಚ್ಚಳದ ಒಳಗೆ ಬೆರಳಾಡಿಸಿದರೆ ಒದ್ದೆ.

ಆ ಒದ್ದೆಯೇ ಕಾರಣ. ಪಾಕ ಅರ್ಧ ಬಿಸಿ ಇರುವಾಗ ಬಾಟಲಿಗೆ ತುಂಬಿ ಮುಚ್ಚಳ ಹಾಕಿದ್ದರು. ಪಾಕದಿಂದ ಎದ್ದ ಹಬೆ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗಿ ಕೆಳಗೆ ತೊಟ್ಟಿಕ್ಕಿತು. ದಪ್ಪ ಪಾಕದಲ್ಲಿ ನೀರು ಬೇಗ ಬೆರೆಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಇಡೀ ಬಾಟಲಿ ನೂರಕ್ಕೆ 69 ಇದ್ದರೂ ಆ ತೆಳು ಪದರ ಮಾತ್ರ 50ಕ್ಕೂ ಕೆಳಗೆ ಇಳಿಯಬಹುದು. ಯೀಸ್ಟ್‌ಗೆ ಅಷ್ಟು ಜಾಗ ಸಾಕು. ಒಮ್ಮೆ ಅಲ್ಲಿ ಬೆಳೆದು ಗುಂಪಾದ ಮೇಲೆ ಅದು ಕೆಳಗಿನ ದಪ್ಪ ಪಾಕಕ್ಕೂ ನಿಧಾನವಾಗಿ ಇಳಿಯುತ್ತದೆ.

ಇದನ್ನು ತಡೆಯಲು ಪಾಕವನ್ನು ಚೆನ್ನಾಗಿ ಬಿಸಿ ಇರುವಾಗಲೇ ತುಂಬಬೇಕು, 85 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಗಾಜಿನ ಬಾಟಲಿಯನ್ನು ಮೊದಲೇ ನೀರಲ್ಲಿ ಕುದಿಸಿ, ಬಿಸಿಯಾಗಿಯೇ ಒಣಗಿಸಿಡಿ. ತಣ್ಣನೆಯ ಗಾಜಿಗೆ ಸುರಿದರೆ ಸೀಳುತ್ತದೆ. ಬಾಟಲಿಯ ಬಾಯಿಗೆ ಅರ್ಧ ಬೆರಳಷ್ಟೇ ಜಾಗ ಬಿಟ್ಟು ತುಂಬಿ, ಕೂಡಲೇ ಮುಚ್ಚಳ ಬಿಗಿದು, ಬಟ್ಟೆಯಲ್ಲಿ ಹಿಡಿದು ಐದು ನಿಮಿಷ ತಲೆಕೆಳಗಾಗಿ ಮಲಗಿಸಿ. ಬಿಸಿ ಪಾಕ ತಾಗಿ ಮುಚ್ಚಳದ ಒಳಗಿನ ಯೀಸ್ಟ್ ಸಾಯುತ್ತದೆ. ಪೂರ್ತಿ ತಣ್ಣಗಾದ ಮೇಲೆ ಬಾಟಲಿಯನ್ನು ಒಂದೆರಡು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ. ಮುಚ್ಚಳದಲ್ಲಿ ಸೇರಿದ ಹನಿ ಪಾಕದಲ್ಲಿ ಬೆರೆತುಹೋಗುತ್ತದೆ, ಮೇಲೆ ತೆಳು ಪದರ ನಿಲ್ಲುವುದಿಲ್ಲ.

ಬಾಟಲಿ ತೆರೆದ ಮೇಲೂ ಹೀಗೇ ಆಗಬಹುದು. ಒದ್ದೆ ಚಮಚ ಹಾಕಿದರೆ, ಫ್ರಿಜ್‌ನಿಂದ ತೆಗೆದು ಗಂಟೆಗಟ್ಟಲೆ ಹೊರಗಿಟ್ಟು ಮತ್ತೆ ಒಳಗಿಟ್ಟರೆ, ದೋಸೆ ತಿಂದ ಚಮಚವನ್ನೇ ಅದ್ದಿದರೆ, ಎಲ್ಲದರಲ್ಲೂ ಮೇಲಿನ ಪದರಕ್ಕೆ ನೀರು ಸೇರುತ್ತದೆ.

ಪಾಕಕ್ಕೆ ನಿಂಬೆಹುಳಿ ಹಿಂಡಿದ ತಕ್ಷಣ ಬುರುಬುರು ನೊರೆ ಬಂತು. ಇದೂ ಹುಳಿತನಾ?

ಅಲ್ಲ. ಬೆಲ್ಲ ಮಾಡುವಾಗ ಕೆಲವರು ಸೋಡಾ ಹಾಕಿರುತ್ತಾರೆ. ಅದಕ್ಕೆ ಹುಳಿ ಬಿದ್ದಾಗ ಅನಿಲ ಏಳುತ್ತದೆ. ಐದು ಹತ್ತು ನಿಮಿಷದಲ್ಲಿ ನಿಲ್ಲುತ್ತದೆ, ಮತ್ತೆ ಬರುವುದಿಲ್ಲ. ಹುಳಿತ ಯಾವತ್ತೂ ತಕ್ಷಣ ಬರುವುದಿಲ್ಲ, ದಿನಗಳು ಬೇಕು.

ದೋಸೆ ಹಿಟ್ಟು ಗುಳ್ಳೆ ಬಂದರೆ ಒಳ್ಳೆಯದು ಅಂತೀವಿ. ಜಾಮ್‌ಗೆ ಬಂದರೆ ಯಾಕೆ ಕೆಟ್ಟದ್ದು?

ದೋಸೆ ಹಿಟ್ಟನ್ನು ನಾವೇ ಬೇಕೆಂದು ಹುದುಗಿಸುತ್ತೇವೆ. ಅಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಹುಳಿ ಮಾಡುವ ಬ್ಯಾಕ್ಟೀರಿಯಾ. ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಹದ, ಮಧ್ಯಾಹ್ನದೊಳಗೆ ಕಾವಲಿ ಮೇಲೆ ಬೇಯುತ್ತದೆ. ಎಷ್ಟು ಹೊತ್ತು, ಎಷ್ಟು ಹುಳಿ ಅನ್ನುವುದು ನಮ್ಮ ಕೈಯಲ್ಲಿದೆ.

ಜಾಮ್‌ನಲ್ಲಿ ಯಾವ ಯೀಸ್ಟ್ ಸೇರಿತು, ಎಂದಿನಿಂದ ಬೆಳೆಯುತ್ತಿದೆ, ಜೊತೆಗೆ ಬೂಷ್ಟೂ ಬಂದಿದೆಯಾ, ಒಂದೂ ಗೊತ್ತಿಲ್ಲ. ಅದನ್ನು ಬೇಯಿಸದೆ ಹಾಗೇ ತಿನ್ನುತ್ತೇವೆ, ಮಕ್ಕಳ ಚಪಾತಿಗೆ ಸವರುತ್ತೇವೆ. ಹುಳಿತ ಜಾಮ್ ಒಂದು ಚಮಚ ಗೊತ್ತಿಲ್ಲದೆ ತಿಂದವರಿಗೆ ಸಾಮಾನ್ಯವಾಗಿ ದೊಡ್ಡ ಅಪಾಯ ಆಗುವುದಿಲ್ಲ, ಗಾಬರಿ ಬೇಡ. ಆದರೆ ಯೀಸ್ಟ್ ಬೆಳೆದಿದೆ ಅಂದರೆ ನೀವು ಕಟ್ಟಿದ ಕಾವಲು ಮುರಿದಿದೆ ಅಂತ ಅರ್ಥ. ಅದೇ ದಾರಿಯಲ್ಲಿ ಬೇರೆಯವೂ ಬಂದಿರಬಹುದು.

ಹುಳಿತ ಪಾಕವನ್ನು ಮತ್ತೆ ಕುದಿಸಿದರೆ ಸರಿಹೋಗುತ್ತಾ? ಹಿಂದೆ ನಮ್ಮ ಅಜ್ಜಿ ಹಾಗೇ ಮಾಡ್ತಿದ್ದರು.

ಕುದಿಸಿದರೆ ಯೀಸ್ಟ್ ಸಾಯುತ್ತದೆ, ಆಲ್ಕೋಹಾಲ್ ಬಹುಪಾಲು ಹಾರಿಹೋಗುತ್ತದೆ. ಗುಳ್ಳೆಯೂ ನಿಲ್ಲುತ್ತದೆ. ಆದರೆ ಹುಳಿ ಮತ್ತು ಅಡ್ಡರುಚಿ ಪೂರ್ತಿ ಹೋಗುವುದಿಲ್ಲ. ಬೂಷ್ಟು ಬಂದಿದ್ದರೆ ಅದು ಬಿಟ್ಟ ವಿಷ ಕುದಿಸಿದರೂ ಉಳಿಯಬಹುದು. ಹಳೆಯ ಕಾಲದಲ್ಲಿ ಬೆಲ್ಲ ಕಷ್ಟಪಟ್ಟು ಕೂಡಿಟ್ಟ ಪದಾರ್ಥ, ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೂ ನಾನು ಯಾರಿಗೂ ಮತ್ತೆ ಕುದಿಸಿ ಬಳಸಿ ಅಂತ ಹೇಳುವುದಿಲ್ಲ. ಮಾರಾಟಕ್ಕಂತೂ ಖಂಡಿತ ಕೂಡದು.

ಹರಳು ಕಟ್ಟಿದ ಪಾಕದ ವಿಷಯ ಬೇರೆ. ತಳದಲ್ಲಿ ಸಕ್ಕರೆ ಹರಳು ಕೂತಿದೆ, ವಾಸನೆ ಚೆನ್ನಾಗಿದೆ, ಗುಳ್ಳೆ ಇಲ್ಲ ಅಂದರೆ ಅದು ಕೆಟ್ಟಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಕರಗಿಸಿಕೊಳ್ಳಿ.

ಮೇಲೆ ಬೂಷ್ಟು ಬಂದ ಜಾಗ ಮಾತ್ರ ತೆಗೆದು ಉಳಿದದ್ದು ತಿನ್ನಬಹುದಾ?

ಬೇಡ. ಕಣ್ಣಿಗೆ ಕಾಣುವುದು ಮೇಲಿನ ಹತ್ತಿಯಂಥ ಭಾಗ ಮಾತ್ರ, ಅದರ ಎಳೆಗಳು ಕೆಳಗೆ ಇಳಿದಿರುತ್ತವೆ. ಜಾಮ್, ಪಾಕದಂಥ ಮೆತ್ತನೆಯ ಪದಾರ್ಥದಲ್ಲಿ ಅದು ಬಿಟ್ಟ ವಿಷ ಎಲ್ಲಿಯವರೆಗೆ ಹರಡಿದೆ ಅಂತ ಹೇಳಲು ಆಗುವುದಿಲ್ಲ.

ಬಾಟಲಿಯ ಮುಚ್ಚಳ ಉಬ್ಬಿದೆ. ತೆರೆಯಲು ಭಯ ಆಗ್ತಿದೆ.

ಭಯಪಡುವುದು ಸರಿಯೇ. ಒಳಗೆ ಅನಿಲ ತುಂಬಿದ ಗಾಜಿನ ಬಾಟಲಿ ಒಡೆಯಬಹುದು. ಮೊದಲು ಅದನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ. ಅಲುಗಾಡಿಸದೆ ಫ್ರಿಜ್‌ನಲ್ಲಿ ನಾಲ್ಕೈದು ಗಂಟೆ ಇಡಿ. ತಣ್ಣಗಾದಾಗ ಅನಿಲದ ಒತ್ತಡ ಇಳಿಯುತ್ತದೆ. ಆಮೇಲೆ ಟವೆಲ್ ಸಮೇತ ಹಿತ್ತಿಲಿಗೆ ಅಥವಾ ಬಚ್ಚಲಿಗೆ ಒಯ್ದು, ಮುಖ ದೂರ ಇಟ್ಟು, ಮುಚ್ಚಳವನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಅಂಗಡಿಯಿಂದ ತಂದ ಜ್ಯೂಸ್ ಪ್ಯಾಕೆಟ್ ಅಥವಾ ಡಬ್ಬ ಉಬ್ಬಿದ್ದರೆ ತೆರೆಯಲೇ ಬೇಡಿ, ಅಂಗಡಿಗೆ ವಾಪಸ್ ಕೊಡಿ.

ಮನೆಯಲ್ಲಿ ಹಿಂಡಿದ ದಾಳಿಂಬೆ ಜ್ಯೂಸ್ ಎರಡನೇ ದಿನ ನಾಲಿಗೆಗೆ ಚುರುಕ್ ಅನ್ನುತ್ತದೆ. ಕುಡಿಯಬಹುದಾ?

ಆ ಚುರುಕ್ ಅನ್ನುವುದೇ ಹುಳಿತದ ಶುರು. ಕುಡಿಯಬೇಡಿ, ಮಕ್ಕಳಿಗೆ, ಬಸುರಿಯರಿಗೆ ಕೊಡಲೇಬೇಡಿ.

ಜ್ಯೂಸ್‌ನಲ್ಲಿ ಸಿಹಿ ಇರುವುದು ನೂರಕ್ಕೆ 15ರಷ್ಟು, ಉಳಿದದ್ದೆಲ್ಲ ನೀರು. ಯೀಸ್ಟ್ ಹಣ್ಣಿನ ಸಿಪ್ಪೆಯ ಮೇಲೆಯೇ ಇರುತ್ತದೆ. ಹಿರಿಯೂರು, ಹೊಸದುರ್ಗದ ಕಡೆ ಸೀಳಿದ ದಾಳಿಂಬೆ ಅಗ್ಗಕ್ಕೆ ಸಿಗುತ್ತದೆ ಅಂತ ಜ್ಯೂಸ್‌ಗೆ ತರುತ್ತಾರೆ. ಸೀಳಿದ ಹಣ್ಣಿನೊಳಗೆ ಯೀಸ್ಟ್, ಬೂಷ್ಟು ಎರಡೂ ಮೊದಲೇ ಸೇರಿರಬಹುದು. ಕಾಳು ಬಿಡಿಸುವಾಗ ಒಂದೊಂದು ಹಣ್ಣನ್ನೂ ಮೂಸಿ ನೋಡಿ, ಕಂದು ತಿರುಗಿದ ಕಾಳು ಬಿಸಾಡಿ. ಕಾಯಿಸದ ಜ್ಯೂಸ್ ಫ್ರಿಜ್‌ನಲ್ಲಿ ಒಂದು, ಹೆಚ್ಚೆಂದರೆ ಎರಡು ದಿನ. ಇನ್ನಷ್ಟು ದಿನ ಬೇಕಾದರೆ 85 ಡಿಗ್ರಿಗೆ ಬಿಸಿ ಮಾಡಿ, ಕುದಿಸಿದ ಬಾಟಲಿಗೆ ಬಿಸಿಬಿಸಿಯಾಗಿಯೇ ತುಂಬಿ ಫ್ರಿಜ್‌ನಲ್ಲಿಡಿ. ತೆರೆದ ಮೇಲೆ ಮತ್ತೆ ಎರಡು ದಿನದ ಲೆಕ್ಕವೇ.

ಕಬ್ಬಿನ ಹಾಲು ಇನ್ನೂ ಬೇಗ ಕೆಡುತ್ತದೆ. ದಾಳಿಂಬೆಯಲ್ಲಿ ಇರುವ ಹುಳಿ ಕಬ್ಬಿನ ಹಾಲಿನಲ್ಲಿ ಇಲ್ಲ. ಹಾಗಾಗಿ ಯೀಸ್ಟ್ ಜೊತೆ ಬ್ಯಾಕ್ಟೀರಿಯಾಗಳೂ ಸಲೀಸಾಗಿ ಬೆಳೆಯುತ್ತವೆ. ಕೆಲವು ಸಲ ಗುಳ್ಳೆ ಬರುವ ಮೊದಲೇ ಲೋಳೆಲೋಳೆಯಾಗುತ್ತದೆ. ಹಿಂಡಿದ ಕೂಡಲೇ ಅಲ್ಲೇ ಕುಡಿದು ಮುಗಿಸಿ, ಬಾಟಲಿಯಲ್ಲಿ ಮನೆಗೆ ಒಯ್ಯಬೇಡಿ.

ಜಾಮ್‌ಗೂ ಇದೇ ತೂಕದ ಲೆಕ್ಕ ನಡೆಯುತ್ತಾ?

ನಡೆಯುತ್ತದೆ. 1 ಕೆಜಿ ಪೇರಲ ತಿರುಳಿಗೆ 750 ಗ್ರಾಂ ಸಕ್ಕರೆ ಹಾಕಿದರೆ, ಕೊನೆಗೆ ಜಾಮ್ 1 ಕೆಜಿ 280 ಗ್ರಾಂ ಆಸುಪಾಸು ಇರಬೇಕು. ತಿರುಳಿನಲ್ಲೇ ಇರುವ ಸುಮಾರು 120 ಗ್ರಾಂ ಗಟ್ಟಿ ಅಂಶವೂ ಸೇರಿ ನೂರಕ್ಕೆ 68 ಆಗುತ್ತದೆ. "ಆರೋಗ್ಯಕ್ಕೆ" ಅಂತ ಸಕ್ಕರೆ ಅರ್ಧ ಮಾಡಿದವರ ಜಾಮ್ ಗುಳ್ಳೆ ಬರುವುದು ಇಲ್ಲೇ. ಸಕ್ಕರೆ ಕಡಿಮೆ ಬೇಕಾದರೆ ಮಾಡಿ, ತಪ್ಪಿಲ್ಲ. ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಎರಡು ವಾರದಲ್ಲಿ ಮುಗಿಸಿ. ಕಪಾಟಿನಲ್ಲಿ ಇಡುವ ಆಸೆ ಬಿಡಿ.

ಪಪ್ಪಾಯ, ಸಪೋಟದಂಥ ಹುಳಿ ಇಲ್ಲದ ಹಣ್ಣಿಗೆ ಕೆಜಿ ತಿರುಳಿಗೆ 5 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ. ಹುಳಿ ಕಡಿಮೆ ಇದ್ದರೆ ಯೀಸ್ಟ್‌ಗಿಂತ ಕೆಟ್ಟ ಬ್ಯಾಕ್ಟೀರಿಯಾಗಳಿಗೂ ದಾರಿ ಸಿಗುತ್ತದೆ.

ಕೆಡದಂತೆ ಹಾಕುವ ಪುಡಿ ಬೆರೆಸಿದರೆ ಇಷ್ಟೆಲ್ಲ ತೊಂದರೆ ಯಾಕೆ?

ಸೋಡಿಯಂ ಬೆಂಜೋಯೇಟ್, ಕೆಎಂಎಸ್ ಎರಡೂ ಹುಳಿ ಇರುವಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಬೆಲ್ಲದ ಪಾಕದಲ್ಲಿ ಹುಳಿ ಕಡಿಮೆ. ಹುಳಿ ಸೇರಿಸದೆ ಬೆಂಜೋಯೇಟ್ ಹಾಕಿದರೆ ಹಾಕಿದ್ದು ದಂಡ. ಇನ್ನು ಕೆಎಂಎಸ್ ದಾಳಿಂಬೆ, ನೇರಳೆಯ ಕೆಂಪು ಬಣ್ಣವನ್ನು ಹೊಡೆದುಹಾಕುತ್ತದೆ. ಎಷ್ಟು ಹಾಕಬಹುದು ಅನ್ನುವುದಕ್ಕೆ ಕಾನೂನಿನ ಮಿತಿ ಇದೆ, ಚಿಟಿಕೆ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸಣ್ಣ ತಕ್ಕಡಿ ಇಲ್ಲದವರು ಇದರ ಗೊಡವೆಗೆ ಹೋಗಬೇಡಿ. ಮನೆ ಮಟ್ಟಿಗೆ ಹದ ಮತ್ತು ಬಿಸಿ ತುಂಬುವಿಕೆ ಸಾಕು.

ಒಬ್ಬ ಗಿರಾಕಿ ಗುಳ್ಳೆ ಬಂದಿದೆ ಅಂತ ಒಂದು ಬಾಟಲಿ ವಾಪಸ್ ತಂದರು. ಉಳಿದವನ್ನು ಮಾರಬಹುದಾ?

ಅದೇ ದಿನ ಮಾಡಿದ ಎಲ್ಲ ಬಾಟಲಿಗಳನ್ನೂ ಮೊದಲು ನಿಲ್ಲಿಸಿ. ಅದಕ್ಕಾಗಿಯೇ ಪ್ರತಿ ಬಾಟಲಿಗೆ ಮಾಡಿದ ತಾರೀಕು ಬರೆಯಿರಿ ಅಂತ ನಾನು ಒತ್ತಿ ಹೇಳುವುದು. ಎರಡು ಬಾಟಲಿ ತೆರೆದು ಮೀಟರ್‌ನಲ್ಲಿ ನೋಡಿ. 68ಕ್ಕಿಂತ ಕಡಿಮೆ ಇದ್ದರೆ ತಪ್ಪು ಹದದ್ದು, ಆ ದಿನದ್ದೆಲ್ಲ ಹೋಯಿತು. ಹದ ಸರಿ ಇದ್ದು, ಗಿರಾಕಿಯ ಬಾಟಲಿ ತೆರೆದು ಬಳಸಿದ್ದಾಗಿದ್ದರೆ ಒದ್ದೆ ಚಮಚದ ಕೆಲಸ ಇರಬಹುದು. ಆಗಲೂ ಉಳಿದ ಬಾಟಲಿಗಳಿಗೆ ಪೆನ್ನಿನ ಗುರುತು ಹಾಕಿ ಒಂದು ವಾರ ಕಾದು ನೋಡಿ, ಆಮೇಲೆ ಮಾರಿ. ಗಿರಾಕಿಗೆ ಹಣ ಅಥವಾ ಹೊಸ ಬಾಟಲಿ ಕೊಡಿ, ವಾದ ಬೇಡ.

ಹುಳಿತ ಪಾಕವನ್ನು ಏನು ಮಾಡಲಿ? ಚೆಲ್ಲಲು ಹೊಟ್ಟೆ ಉರಿಯುತ್ತದೆ.

ಹೊಲ ತೋಟ ಇದ್ದರೆ ಜೀವಾಮೃತಕ್ಕೆ ಹಾಕಿ. 200 ಲೀಟರ್ ಜೀವಾಮೃತಕ್ಕೆ ಹೇಗೂ 2 ಕೆಜಿ ಬೆಲ್ಲ ಬೇಕು. ಪಾಕವಾದರೆ ಸುಮಾರು 3 ಕೆಜಿ ಹಾಕಿ. ಹುಳಿತದ್ದಾದರೂ ಅಲ್ಲಿ ತೊಂದರೆ ಇಲ್ಲ, ಅದು ಹೇಗೂ ಹುದುಗಬೇಕಾದದ್ದೇ. ಜಾಮ್ ಆದರೆ ತಿಪ್ಪೆಗೆ ಹಾಕಿ ಮಣ್ಣು ಮುಚ್ಚಿ, ಇಲ್ಲವಾದರೆ ಇರುವೆ, ನೊಣ ಮುತ್ತುತ್ತವೆ. ದನಕ್ಕೆ ಮಾತ್ರ ಇಡಬೇಡಿ. ಹುಳಿತ ಸಿಹಿ ಒಮ್ಮೆಲೇ ಹೊಟ್ಟೆಗೆ ಹೋದರೆ ದನದ ಹೊಟ್ಟೆ ಕೆಡುತ್ತದೆ, ಬೂಷ್ಟಿದ್ದರೆ ಇನ್ನೂ ಕೆಟ್ಟದ್ದು.

ಆ ಬಾಟಲಿಗಳನ್ನು ಮತ್ತೆ ಬಳಸಬಹುದಾ?

ಗಾಜಿನ ಬಾಟಲಿಯನ್ನು ಬಳಸಬಹುದು. ಸೋಪಿನಲ್ಲಿ ತೊಳೆದು, ಕುತ್ತಿಗೆಯ ತಿರುಪಿನ ಸಂದಿಯನ್ನು ಬ್ರಷ್‌ನಿಂದ ಉಜ್ಜಿ, ನೀರಲ್ಲಿ ಮುಳುಗಿಸಿ 15 ನಿಮಿಷ ಕುದಿಸಿ. ಮುಚ್ಚಳವನ್ನು ಮಾತ್ರ ಹೊಸದು ಹಾಕಿ. ಹಳೆಯ ಮುಚ್ಚಳದ ಒಳಗಿನ ರಬ್ಬರ್ ಪಟ್ಟಿಯ ಕೆಳಗೆ ಒಣಗಿದ ಪಾಕ ಉಳಿದಿರುತ್ತದೆ, ಎಷ್ಟು ಉಜ್ಜಿದರೂ ಪೂರ್ತಿ ಬರುವುದಿಲ್ಲ. ಪ್ಲಾಸ್ಟಿಕ್ ಬಾಟಲಿ ಕುದಿಸಲು ಬರುವುದಿಲ್ಲವಾದ್ದರಿಂದ ಅದನ್ನು ಮತ್ತೆ ಪಾಕಕ್ಕೆ ಬಳಸಬೇಡಿ.